‘ನಮಸ್ಕಾರ’ದ ನಂತರದ ಮಾತು: ಆರನೇ ತರಗತಿಯಲ್ಲಿ ನೀನು–ನೀವು ಪಾಠ

ಅಭ್ಯಾಸ ಬೋಧನೆಯ ಎರಡನೇ ವಾರದಲ್ಲಿ ನಾನು ಆರನೇ ತರಗತಿಗೆ ‘ಹಿರಿಯರನ್ನು, ಶಿಕ್ಷಕರನ್ನು, ಅಪರಿಚಿತರನ್ನು ಮಾತಾಡಿಸುವುದು’ ಎಂಬ ಪಾಠವನ್ನು ಎರಡು ಅವಧಿಗಳಲ್ಲಿ ತೆಗೆದುಕೊಂಡೆ. ಶಾಲೆ ಬೆಂಗಳೂರಿನ ಹೊರವಲಯದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಕಟ್ಟಡ ಕೆಲಸಕ್ಕೆಂದು ಬಂದ ಕುಟುಂಬಗಳ ಮಕ್ಕಳೇ ತರಗತಿಯಲ್ಲಿ ಹೆಚ್ಚು. ಮನೆಮಾತು ಕೆಲವರದು ತೆಲುಗು, ಕೆಲವರದು ಹಿಂದಿ ಅಥವಾ ಉರ್ದು, ಕೆಲವರದು ರಾಯಚೂರು, ಕಲಬುರಗಿ ಕಡೆಯ ಕನ್ನಡ. ‘ನಮಸ್ಕಾರ’ ಎನ್ನಲು ಇವರಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ. ಕಲಿಸಬೇಕಾದದ್ದು ನಮಸ್ಕಾರದ ನಂತರ ಬರುವ ಮಾತು. ಏಕೆಂದರೆ ಕನ್ನಡದಲ್ಲಿ ‘ನಮಸ್ಕಾರ’ ಎಂಬ ಪದ ಯಾವ ಆಯ್ಕೆಯನ್ನೂ ಕೇಳುವುದಿಲ್ಲ. ಗೆಳೆಯನಿಗೂ ಮುಖ್ಯೋಪಾಧ್ಯಾಯರಿಗೂ ಅದೇ ಪದ. ಆಯ್ಕೆ ಶುರುವಾಗುವುದು ಮುಂದಿನ ಕ್ರಿಯಾಪದದ ಕೊನೆಯಲ್ಲಿ.

ಪೂರ್ವಜ್ಞಾನ ಪರೀಕ್ಷೆಯಲ್ಲಿ ಸಿಕ್ಕ ಒಂದು ವಾಕ್ಯವನ್ನೇ ಪಾಠದ ಮೊದಲ ಉದಾಹರಣೆಯಾಗಿ ಇಟ್ಟುಕೊಂಡೆ: “ನಮಸ್ಕಾರ ಸಾರ್, ಹೇಗಿದ್ದೀಯಾ?” ಹೇಳಿದ ಹುಡುಗನಿಗೆ ಅಗೌರವದ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಅವನ ಲೆಕ್ಕ ಬೇರೆ. ‘ನೀನು’ ಎಂಬುದು ದೊಡ್ಡವರಿಗೆ ಹೇಳಬಾರದ ಪದ, ಅದನ್ನು ಬಿಟ್ಟುಬಿಟ್ಟರೆ ಮಾತು ಸರಿಹೋಯಿತು, ಮೇಲೆ ‘ಸಾರ್’ ಎಂದೂ ಸೇರಿಸಿದ್ದೇನಲ್ಲ! ಆದರೆ ಕನ್ನಡದಲ್ಲಿ ಸರ್ವನಾಮವನ್ನು ಬಿಟ್ಟರೂ ಅದು ಕ್ರಿಯಾಪದದ ಬಾಲದಲ್ಲಿ ಉಳಿದುಕೊಂಡಿರುತ್ತದೆ. ‘ಇದ್ದೀಯಾ’ ಎಂದಾಗ ಕೇಳುವವರ ಕಿವಿಗೆ ‘ನೀನು’ ಬಿದ್ದೇ ಬೀಳುತ್ತದೆ.

ಆದ್ದರಿಂದ ಕರಿಹಲಗೆಯ ಮೇಲೆ ‘ನೀನು’, ‘ನೀವು’ ಎಂದು ಬರೆಯದೆ, ಬರೀ ಜೋಡಿಗಳನ್ನು ಬರೆದೆ: ಹೇಗಿದ್ದೀಯಾ–ಹೇಗಿದ್ದೀರಾ, ಬಾ–ಬನ್ನಿ, ಕೂತ್ಕೋ–ಕೂತ್ಕೊಳ್ಳಿ, ಹೇಳು–ಹೇಳಿ. ಅನಂತರ ಒಂದು ಆಟ. ಒಬ್ಬ ವಿದ್ಯಾರ್ಥಿ ಗೋಡೆಗೆ ಮುಖಮಾಡಿ ನಿಲ್ಲುತ್ತಾನೆ. ಇನ್ನೊಬ್ಬರು ಹಿಂದಿನಿಂದ ಒಂದು ವಾಕ್ಯ ಹೇಳುತ್ತಾರೆ. ಅದರಲ್ಲಿ ಸರ್ವನಾಮವೂ ಇರಬಾರದು, ಸಾರ್, ಅಕ್ಕ ಎಂಬ ಕರೆಯೂ ಇರಬಾರದು. ಮಾತು ದೊಡ್ಡವರಿಗೋ ಗೆಳೆಯನಿಗೋ ಎಂಬುದನ್ನು ನಿಂತವನು ಕೊನೆಯ ಅಕ್ಷರಗಳಿಂದಲೇ ಗುರುತಿಸಬೇಕು. ಏಳೆಂಟು ನಿಮಿಷದಲ್ಲಿ ಎಲ್ಲರ ಕಿವಿಯೂ ಬಾಲದ ಕಡೆಗೆ ತಿರುಗಿತು. ತೆಲುಗು ಮನೆಮಾತಿನ ಮಕ್ಕಳಿಗೆ ಇದು ಬೇಗ ಹಿಡಿಯಿತು. ಅವರ ಭಾಷೆಯಲ್ಲೂ ‘ಎಲಾ ಉನ್ನಾವು’, ‘ಎಲಾ ಉನ್ನಾರು’ ಎಂದು ಬಾಲವೇ ಬದಲಾಗುತ್ತದೆ. ಒಬ್ಬಳು ತಾನಾಗಿಯೇ ಇದನ್ನು ಎದ್ದು ಹೇಳಿದಳು. ಹಿಂದಿ ಮಕ್ಕಳ ತೊಡಕು ಬೇರೆ ರೀತಿಯದು. ಅವರಲ್ಲಿ ತೂ, ತುಮ್, ಆಪ್ ಎಂದು ಮೂರು ಮೆಟ್ಟಿಲು, ನಮ್ಮ ಆಡುಮಾತಿನಲ್ಲಿ ಎರಡೇ. ನಡುವಿನ ‘ತುಮ್’ ಅನ್ನು ಎಲ್ಲಿ ಇಡುವುದು ಎಂದು ಅವರು ತಡವರಿಸುತ್ತಾರೆ. ಮನೆಯ ಹೊರಗಿನ ದೊಡ್ಡವರ ವಿಷಯದಲ್ಲಿ ಅನುಮಾನ ಬಂದರೆ ‘ನೀವು’ ಕಡೆಗೇ ಇಡಿ ಎಂದು ಹೇಳಿದೆ. ‘ತಾವು’ ಎಂಬುದನ್ನು ಈ ಪಾಠದಲ್ಲಿ ತರಲಿಲ್ಲ. ಅದರ ಜಾಗ ಮನವಿ ಪತ್ರ, ಆಮಂತ್ರಣ, ಸಭೆ. ಕ್ರಿಯಾಪದದ ಬಾಲವೂ ‘ನೀವು’ವಿನದೇ.

ರಾಯಚೂರು ಕಡೆಯ ಒಬ್ಬ ಹುಡುಗ ‘ಬನ್ನಿ’ ಎನ್ನುವ ಜಾಗದಲ್ಲಿ ‘ಬರ್ರಿ, ಕುಂದರ್ರಿ’ ಎಂದ. ಹಿಂದಿನ ಸಾಲಿನಲ್ಲಿ ನಗು ಎದ್ದಿತು. ಇದನ್ನು ‘ತಿದ್ದಬೇಕಾದ ಕನ್ನಡ’ ಎಂದು ಟಿಪ್ಪಣಿ ಮಾಡುವುದು ಸಲ್ಲ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಗೌರವ ಹೊರುವ ಬಾಲ ‘ರಿ’, ಅದನ್ನು ಆ ಹುಡುಗ ಒಂದು ಸಲವೂ ತಪ್ಪಿಸಲಿಲ್ಲ. ಗೌರವದ ಮಟ್ಟಿಗೆ ಇಡೀ ತರಗತಿಯಲ್ಲಿ ಅವನ ಮಾತೇ ಹೆಚ್ಚು ಸ್ಥಿರವಾಗಿತ್ತು. ಹಲಗೆಯ ಮೇಲೆ ಮೂರನೆಯ ಸಾಲು ಎಳೆದು ಬರ್ರಿ, ಕುಂದರ್ರಿ, ಹೇಳ್ರಿ ಎಂದು ಬರೆದೆ. ನಗು ನಿಂತಿತು.

ಪಠ್ಯಪುಸ್ತಕಗಳು ಹೇಳುವ ‘ಹಿರಿಯರಿಗೆ ಬಹುವಚನ ಬಳಸಬೇಕು’ ಎಂಬ ನಿಯಮ ತರಗತಿಯಲ್ಲಿ ಸುಲಭವಾಗಿ ಮುರಿದು ಬೀಳುತ್ತದೆ. “ಮನೆಯಲ್ಲಿ ಯಾರಿಗೆ ನೀನು ಅಂತೀರಿ?” ಎಂದು ಕೇಳಿದರೆ ಸಾಕು. ಅಮ್ಮನಿಗೆ ‘ನೀನು’ ಎನ್ನುವ ಕೈಗಳೇ ಹೆಚ್ಚು ಮೇಲೆದ್ದವು. ಅಜ್ಜಿಗೂ ಹಲವರು ಹಾಗೆಯೇ. ಅಪ್ಪನಿಗೆ ಮಾತ್ರ ‘ನೀವು’ ಎನ್ನುವ ಮನೆಗಳಿದ್ದವು, ಇಬ್ಬರಿಗೂ ‘ನೀವು’ ಎನ್ನುವ ಮನೆಗಳೂ ಇದ್ದವು. “ಅಪ್ಪಂಗೆ ಮಾತ್ರ ಯಾಕೆ ಮಿಸ್?” ಎಂದು ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ, ಮನೆಗೆ ಹೋಗಿ ಕೇಳು ಎಂದೆ. ಮನೆಯ ರೂಢಿಯನ್ನು ತಿದ್ದುವುದು ಭಾಷಾ ಶಿಕ್ಷಕರ ಕೆಲಸವಲ್ಲ. ಅಮ್ಮನಿಗೆ ಹೇಳುವ ‘ನೀನು’ವಿನಲ್ಲಿ ಇರುವುದು ಸಲುಗೆ. ಆದರೆ ಈ ಸಲುಗೆ ಯಾರ ಜೊತೆ ಇದೆ, ಯಾರ ಜೊತೆ ಇಲ್ಲ ಎಂಬ ಪ್ರಶ್ನೆಯನ್ನು ತರಗತಿಯಲ್ಲಿ ಎತ್ತಲೇಬೇಕು. ಪಾಠದ ಕಷ್ಟದ ಭಾಗ ಅಲ್ಲೇ ಇದ್ದದ್ದು.

ಹಿಂದಿನ ವಾರ ಬಿಸಿಯೂಟದ ಸಾಲಿನಲ್ಲಿ ನಿಂತು ಕೇಳಿಸಿಕೊಂಡಿದ್ದೆ. “ಮಿಸ್, ನೋಟ್‌ಬುಕ್ ಕೊಡಿ” ಎಂದ ಮಗುವೇ ಹತ್ತು ನಿಮಿಷದ ನಂತರ ಅಡುಗೆಯವರಿಗೆ “ಆಂಟಿ, ಸಾಂಬಾರ್ ಹಾಕು” ಎನ್ನುತ್ತದೆ. ಈ ಎರಡು ವಾಕ್ಯಗಳನ್ನು ಹೆಸರಿಲ್ಲದೆ ಎರಡು ಮಿಂಚುಪಟ್ಟಿಗಳಲ್ಲಿ ಬರೆದು ತೋರಿಸಿದೆ. ಇಬ್ಬರಲ್ಲಿ ವಯಸ್ಸಿನಲ್ಲಿ ದೊಡ್ಡವರು ಯಾರು ಎಂದು ಕೇಳಿದೆ. “ಅಡುಗೆ ಆಂಟಿ” ಎಂದು ಎಲ್ಲರೂ ಒಟ್ಟಿಗೆ ಹೇಳಿ, ತಕ್ಷಣ ಸುಮ್ಮನಾದರು. ಮಕ್ಕಳು ಇದನ್ನು ತಾವಾಗಿ ಕಂಡುಹಿಡಿದದ್ದಲ್ಲ. ದೊಡ್ಡವರು ಅಡುಗೆಯವರನ್ನು, ಕಾವಲುಗಾರರನ್ನು, ಆಟೋ ಓಡಿಸುವವರನ್ನು ಮಾತಾಡಿಸುವುದನ್ನು ಕೇಳಿಯೇ ಕಲಿತದ್ದು. ‘ಆಂಟಿ’ ಎಂಬ ಕರೆ ಗೌರವದ ಲೆಕ್ಕ ತೀರಿಸಿಬಿಡುತ್ತದೆ ಎಂದು ಅವರಿಗೆ ಅನ್ನಿಸಿದೆ, ಮೊದಲ ಹುಡುಗನಿಗೆ ‘ಸಾರ್’ ಸಾಕು ಅನ್ನಿಸಿದ ಹಾಗೆ. “ಆದರೆ ಅವರು ನಮಗೆ ಗೊತ್ತಿರೋರು, ಅದಕ್ಕೇ” ಎಂದು ಒಬ್ಬ ಸಮರ್ಥಿಸಿದ. ಸಲುಗೆಯ ‘ನೀನು’ ಹೌದೋ ಅಲ್ಲವೋ ಎಂದು ನೋಡಲು ಒಂದು ಪರೀಕ್ಷೆ ಕೊಟ್ಟೆ: ಅದೇ ಆಂಟಿ ಭಾನುವಾರ ನಿಮ್ಮ ಮನೆಗೆ ನೆಂಟರಾಗಿ ಬಂದರೆ, ಚಾಪೆ ಹಾಸಿ ಏನನ್ನುತ್ತೀರಿ? “ಕೂತ್ಕೊಳ್ಳಿ” ಎಂದ ಅವನು. ಅಲ್ಲಿ ‘ಕೂತ್ಕೊಳ್ಳಿ’ ಆದರೆ ಇಲ್ಲಿ ‘ಹಾಕಿ’ ಯಾಕಲ್ಲ ಎಂದು ಪಕ್ಕದವಳೇ ಕೇಳಿದಳು. ನಾನು ಸೇರಿಸಬೇಕಾದದ್ದು ಏನೂ ಉಳಿಯಲಿಲ್ಲ.

ಎರಡನೇ ಅವಧಿಯಲ್ಲಿ ವಯಸ್ಸು ತಿಳಿಯದವರ ಪ್ರಶ್ನೆ. ಹೆಲ್ಮೆಟ್ ಹಾಕಿದವರು, ಫೋನಿನ ಆ ಕಡೆಯವರು, ಸಂಜೆಗತ್ತಲಲ್ಲಿ ಬಾಗಿಲು ತಟ್ಟಿದವರು. ಇಂಥಲ್ಲಿ ಕನ್ನಡಿಗರು ಹೇಗೆ ಪಾರಾಗುತ್ತಾರೆ ಎಂದು ಗಮನಿಸಿದರೆ ಸೊಗಸಾದ ಒಂದು ದಾರಿ ಕಾಣುತ್ತದೆ. ‘ಊಟ ಆಯ್ತಾ?’ ಎಂಬ ನಮ್ಮ ಮಾಮೂಲಿ ಕುಶಲಪ್ರಶ್ನೆಯನ್ನೇ ತೆಗೆದುಕೊಳ್ಳಿ. ಅಲ್ಲಿ ಆದದ್ದು ಊಟ. ಕ್ರಿಯಾಪದ ಊಟಕ್ಕೆ ಹೊಂದಿಕೊಳ್ಳುತ್ತದೆಯೇ ಹೊರತು ಎದುರಿಗಿರುವವರಿಗಲ್ಲ. ಹಾಗಾಗಿ ಅದರಲ್ಲಿ ನೀನೂ ಇಲ್ಲ, ನೀವೂ ಇಲ್ಲ. ‘ಬೇಕು’, ‘ಬಹುದು’ಗಳಿಗೂ ಇದೇ ಗುಣ. ‘ನೀರು ಬೇಕಾ?’, ‘ಒಳಗೆ ಬರಬಹುದಾ?’, ‘ಯಾವ ಊರು?’ ಎಂಬಲ್ಲೆಲ್ಲ ವಯಸ್ಸಿನ ತೀರ್ಮಾನವನ್ನು ಸ್ವಲ್ಪ ಹೊತ್ತು ಮುಂದೂಡಬಹುದು. ಬಾಗಿಲು ತಟ್ಟುವ ಪ್ರಸಂಗವನ್ನು ಇಬ್ಬರಿಂದ ಆಡಿಸಿದೆ. ಬಂದವರು ಯಾರು ಎಂಬುದು ಬಾಗಿಲು ತೆರೆಯುವವಳಿಗೆ ತಿಳಿಯದಂತೆ ಚೀಟಿಯಲ್ಲಿ ಬರೆದಿತ್ತು.

“ನಮಸ್ಕಾರ. ಯಾರು ಬೇಕಿತ್ತು?”

“ಅಪ್ಪ ಇದ್ದಾರಾ?”

“ಇಲ್ಲ, ಕೆಲಸಕ್ಕೆ ಹೋಗಿದ್ದಾರೆ. ಏನಾದ್ರೂ ಹೇಳಬೇಕಿತ್ತಾ?”

“ಸಂಜೆ ಮತ್ತೆ ಬರ್ತೀನಿ.”

“ಸರಿ. ಯಾರು ಬಂದಿದ್ರು ಅಂತ ಹೇಳಲಿ?”

ಮೊದಲ ಎರಡು ಪ್ರಶ್ನೆಗಳಲ್ಲಿ ಬಾಗಿಲು ತೆರೆದವಳು ಏನನ್ನೂ ತೀರ್ಮಾನಿಸಿಲ್ಲ. ‘ಬೇಕು’ ಎನ್ನುವ ಬದಲು ‘ಬೇಕಿತ್ತು’ ಎಂದದ್ದರಿಂದ ಮಾತಿನ ಬಿರುಸು ಕಡಿಮೆಯಾಗಿದೆ. ‘ಯಾರು ಬೇಕು?’ ಎಂದು ಕೇಳಿ ನೋಡಿ, ಗದರಿದಂತೆ ಕೇಳುತ್ತದೆ. ಕೊನೆಯ ಮಾತಿನ ‘ಬಂದಿದ್ರು’ವಿನಲ್ಲಿ ಮಾತ್ರ ಗೌರವದ ಬಾಲ ಬಂದೇಬಿಟ್ಟಿದೆ. ಮಕ್ಕಳೇ ಅದನ್ನು ಹಿಡಿದು ತೋರಿಸಿದರು. “ಬಂದಿದ್ದ” ಎನ್ನಲು ಸಾಧ್ಯವೇ ಎಂದರೆ, ಛೇ ಎಂದರು.

ಈ ದಾರಿಗೆ ಮಿತಿಯಿದೆ. ನಾಲ್ಕೈದು ಮಾತು ಹೀಗೇ ನಡೆದರೆ ತಪ್ಪಿಸಿಕೊಳ್ಳುತ್ತಿರುವಂತೆ ಕೇಳುತ್ತದೆ. ಏನನ್ನಾದರೂ ಮಾಡಲು ಹೇಳಬೇಕಾದಾಗಲಂತೂ ಬಾ–ಬನ್ನಿ, ಕೊಡು–ಕೊಡಿಗಳಲ್ಲಿ ಒಂದನ್ನು ಆರಿಸದೆ ವಿಧಿಯಿಲ್ಲ. ಆಗ ‘ಬನ್ನಿ’ಯೇ ಏಕೆ? ಎರಡೂ ಕಡೆಯ ನಷ್ಟವನ್ನು ಹೋಲಿಸಿದರೆ ಸಾಕು. ಚಿಕ್ಕವರಿಗೆ ‘ಬನ್ನಿ’ ಎಂದರೆ ಅವರು ನಕ್ಕು “ನೀವು ಅನ್ನಬೇಡಿ” ಎನ್ನಬಹುದು, ಅಷ್ಟೇ. ದೊಡ್ಡವರಿಗೆ ‘ಬಾ’ ಎಂದರೆ? ‘ಏಕವಚನದಲ್ಲಿ ಮಾತಾಡಿದ’ ಎಂಬ ದೂರು ನಮ್ಮ ಭಾಷೆಯಲ್ಲಿ ಬೈಗುಳ ತಿಂದಷ್ಟೇ ಭಾರದ್ದು. ವ್ಯಾಕರಣದ ಪಾರಿಭಾಷಿಕ ಪದವೊಂದು ಬೀದಿಯ ಜಗಳದವರೆಗೂ ಹೋಗಿರುವುದು ಇದೊಂದೇ ಇರಬೇಕು!

ಸಂಬಂಧಸೂಚಕ ಪದಗಳಿಗೆ ಇದರ ತಿರುವುಮುರುವು ಎಚ್ಚರ ಬೇಕು. ‘ನೀವು’ ಯಾರಿಗೂ ನೋಯಿಸುವುದಿಲ್ಲ, ಆದರೆ ‘ಅಜ್ಜಿ’, ‘ಆಂಟಿ’, ‘ಅಂಕಲ್’ ನೋಯಿಸಬಲ್ಲವು. ಅವು ವಯಸ್ಸನ್ನು ಅಂದಾಜು ಮಾಡಿ ಮುಖಕ್ಕೇ ಹೇಳಿಬಿಡುತ್ತವೆ. ‘ಅಕ್ಕ’, ‘ಅಣ್ಣ’ಗಳ ಹರವು ದೊಡ್ಡದು, ಇಪ್ಪತ್ತರವರಿಗೂ ನಲವತ್ತರವರಿಗೂ ಒಗ್ಗುತ್ತವೆ. ಅದೂ ಅನುಮಾನವಾದರೆ ಕರೆಯನ್ನೇ ಬಿಟ್ಟು, ಬಾಲವನ್ನು ಮಾತ್ರ ಸರಿ ಇಡಬಹುದು. “ಸ್ವಲ್ಪ ಜಾಗ ಬಿಡಿ” ಎಂಬಲ್ಲಿ ಅಕ್ಕನೂ ಇಲ್ಲ, ಆಂಟಿಯೂ ಇಲ್ಲ, ಆದರೂ ಕೊರತೆ ಕಾಣುವುದಿಲ್ಲ.

ಮೌಲ್ಯಮಾಪನಕ್ಕೆ ಬರವಣಿಗೆ ಕೊಡಲಿಲ್ಲ. ಬಿಟ್ಟ ಸ್ಥಳ ತುಂಬುವಾಗ ಎಲ್ಲರೂ ‘ಹೇಗಿದ್ದೀರಿ’ ಎಂದೇ ಬರೆಯುತ್ತಾರೆ, ಅದರಿಂದ ತಿಳಿಯುವುದು ಸ್ವಲ್ಪ. ಬದಲಿಗೆ ಫೋನಿನಲ್ಲಿ ಅಪರಿಚಿತರಿಗೆ ಶಾಲೆಯ ದಾರಿ ಹೇಳುವ ಪ್ರಸಂಗ ಕೊಟ್ಟೆ. ನಮಸ್ಕಾರವೂ ಮೊದಲ ಪ್ರಶ್ನೆಯೂ ಹೆಚ್ಚುಕಡಿಮೆ ಎಲ್ಲರದೂ ಸರಿಯಿತ್ತು. ಜಾರಿದ್ದು ಅನಂತರ, ದಾರಿಯ ಮೇಲೆ ಗಮನ ಹೋದಾಗ: “ಅಲ್ಲಿಂದ ಎಡಕ್ಕೆ ತಿರುಗಿ, ಆಮೇಲೆ ಸೀದಾ ಬಾ.” ಹೀಗಾದಾಗ ನಾನು ನಡುವೆ ತಡೆಯಲಿಲ್ಲ. ಫೋನಿನ ಆ ಕಡೆಯ ಪಾತ್ರಧಾರಿಗೆ ಮೊದಲೇ ಹೇಳಿಕೊಟ್ಟಿದ್ದಂತೆ, ಅವಳು “ಏನಂದ್ರಿ?” ಎಂದು ಗೌರವದ ಬಾಲದಲ್ಲೇ ಮರುಪ್ರಶ್ನೆ ಕೇಳುತ್ತಿದ್ದಳು. ಬಹುಪಾಲು ಮಕ್ಕಳು ಅದನ್ನು ಕೇಳಿದೊಡನೆ ತಾವೇ ‘ಸೀದಾ ಬನ್ನಿ’ ಎಂದು ತಿದ್ದಿಕೊಂಡರು. ತಿದ್ದಿಕೊಳ್ಳದೆ ಮುಂದೆ ಹೋದ ಐವರ ಹೆಸರು ಗುರುತಿಸಿಟ್ಟಿದ್ದೇನೆ. ಮುಂದಿನ ವಾರ ಅವರಿಗೆ ಬಾ–ಬನ್ನಿ, ಹೋಗು–ಹೋಗಿ, ತಿರುಗು–ತಿರುಗಿಗಳನ್ನೇ ದಾರಿ ಹೇಳುವ ಆಟದಲ್ಲಿ ಮತ್ತೊಮ್ಮೆ ಆಡಿಸಬೇಕಾಗಿದೆ.