ಮೊಲೆಯೂಡಿಸುವ ಕಾಲದಲ್ಲಿ ಮತ್ತೆ ಗರ್ಭಧಾರಣೆ

ಮಗುವಿಗೆ ಮೊಲೆಯೂಡಿಸುತ್ತಿರುವ ತಾಯಿಗೆ ಮುಟ್ಟು ಮರಳುವವರೆಗೆ ಬಸಿರು ನಿಲ್ಲುವುದಿಲ್ಲವೆಂಬ ನಂಬಿಕೆ ಅನೇಕ ಮನೆಗಳಲ್ಲಿ ಇದೆ. ಈ ನಂಬಿಕೆ ಸಂಪೂರ್ಣ ಸುಳ್ಳಲ್ಲ. ಆದರೆ ಅದು ನಿಜವಾಗುವ ಅವಧಿ ಚಿಕ್ಕದು, ನಿಬಂಧನೆಗಳು ಕಟ್ಟುನಿಟ್ಟಾದವು.

ಮಗು ಮೊಲೆ ಚೀಪಿದಾಗಲೆಲ್ಲ ಮೊಲೆತೊಟ್ಟಿನ ನರಗಳ ಮೂಲಕ ಮಿದುಳಿಗೆ ಸಂದೇಶ ತಲಪುತ್ತದೆ. ಅದರಿಂದಾಗಿ ಅಂಡಾಶಯವನ್ನು ಪ್ರಚೋದಿಸುವ ಹಾರ್ಮೋನುಗಳ ಸ್ರಾವ ಕುಗ್ಗಿ, ಅಂಡಾಣು ಬಲಿತು ಹೊರಬೀಳುವ ಕ್ರಿಯೆ ತಡೆಹಿಡಿಯಲ್ಪಡುತ್ತದೆ. ರಕ್ಷಣೆ ನೀಡುವುದು ಎದೆಯಲ್ಲಿ ಹಾಲಿರುವಿಕೆಯಲ್ಲ, ಮಗು ಪದೇ ಪದೇ ಚೀಪುವಿಕೆ. ಚೀಪುವುದರ ನಡುವಣ ಅಂತರ ಹೆಚ್ಚಿದಂತೆ ಈ ತಡೆ ಸಡಿಲಗೊಳ್ಳುತ್ತದೆ.

1988ರಲ್ಲಿ ಇಟಲಿಯ ಬೆಲಾಜಿಯೊ ಎಂಬಲ್ಲಿ ಸೇರಿದ ತಜ್ಞರು ಇದಕ್ಕೆ ಮೂರು ನಿಬಂಧನೆಗಳನ್ನು ಸೂಚಿಸಿದರು. ಮೊದಲನೆಯದಾಗಿ, ಮಗುವಿಗೆ ಆರು ತಿಂಗಳು ತುಂಬಿರಬಾರದು. ಎರಡನೆಯದಾಗಿ, ಹೆರಿಗೆಯ ಅನಂತರ ಮುಟ್ಟು ಮರಳಿರಬಾರದು. ಮೂರನೆಯದಾಗಿ, ಮಗುವಿನ ಆಹಾರ ಪೂರ್ಣವಾಗಿ ಅಥವಾ ಬಹುಪಾಲು ಎದೆಹಾಲೇ ಆಗಿರಬೇಕು. ಹಗಲಿನಲ್ಲಿ ನಾಲ್ಕು ಗಂಟೆಗಿಂತ, ರಾತ್ರಿಯಲ್ಲಿ ಆರು ಗಂಟೆಗಿಂತ ಹೆಚ್ಚು ಅಂತರವಿಲ್ಲದೆ ಮೊಲೆಯೂಡಿಸುವುದು ಇದರ ಸ್ಥೂಲ ಅಳತೆ. ಮೂರೂ ನಿಬಂಧನೆಗಳು ಒಟ್ಟಿಗೆ ಇದ್ದಾಗ, ಈ ಆರು ತಿಂಗಳಲ್ಲಿ ನೂರು ತಾಯಂದಿರಲ್ಲಿ ಗರ್ಭ ಧರಿಸುವವರು ಇಬ್ಬರನ್ನು ಮೀರುವುದಿಲ್ಲ. ಒಂದು ತಪ್ಪಿದರೂ ಈ ಭರವಸೆ ಉಳಿಯದು.

ಹೈದರಾಬಾದಿನ ನಾರಾಯಣಗೂಡದಲ್ಲಿ ನೆಲಸಿರುವ ಕನ್ನಡ ಕುಟುಂಬವೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಸೊಸೆಗೆ ಜನವರಿ ಮೊದಲಲ್ಲಿ ತವರೂರಾದ ಕಲಬುರಗಿಯಲ್ಲಿ ಹೆರಿಗೆಯಾಯಿತು. ಬಾಣಂತನದ ಮೂರು ತಿಂಗಳೂ ಮಗು ಹಗಲಿರುಳು ತಾಯಿಯ ಮಗ್ಗುಲಲ್ಲೇ ಇದ್ದು, ಎದೆಹಾಲನ್ನು ಮಾತ್ರ ಕುಡಿಯಿತು. ಆಗ ಮೂರು ನಿಬಂಧನೆಗಳೂ ಕೂಡಿದ್ದವು. ಏಪ್ರಿಲ್‌ನಲ್ಲಿ ಆಕೆ ನಾರಾಯಣಗೂಡಕ್ಕೆ ಮರಳಿ, ಮೇ ತಿಂಗಳಲ್ಲಿ ಕಚೇರಿಗೆ ಹೋಗತೊಡಗಿದಳು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಅತ್ತೆ ಮಗುವಿಗೆ ಬಾಟಲಿಯಲ್ಲಿ ಎಮ್ಮೆ ಹಾಲು ಕುಡಿಸಿದರು. ರಾತ್ರಿಯೂ ಬಾಟಲಿ ಹಾಲಿನಿಂದ ಹೊಟ್ಟೆ ತುಂಬಿದ ಮಗು ಎಚ್ಚರಗೊಳ್ಳುವುದು ಕಡಿಮೆಯಾಯಿತು.

ಮಗುವಿಗೆ ಆರು ತಿಂಗಳು ತುಂಬಿರಲಿಲ್ಲ, ಮುಟ್ಟೂ ಮರಳಿರಲಿಲ್ಲ. ಆದ್ದರಿಂದ ದಂಪತಿಗಳು ನಿಶ್ಚಿಂತರಾಗಿದ್ದರು. ಆದರೆ ಮೂರನೆಯ ನಿಬಂಧನೆ ಮೇ ಮೊದಲಲ್ಲೇ ಮುರಿದಿತ್ತು. ಮೇ ಕೊನೆಯಲ್ಲಿ ಅಂಡಾಣು ಹೊರಬಿದ್ದು ಗರ್ಭ ನಿಂತಿತು. ಜುಲೈಯಲ್ಲಿ ವಾಕರಿಕೆ ಆರಂಭವಾದಾಗಲೇ ವಿಷಯ ತಿಳಿಯಿತು. ಎರಡನೆಯ ಮಗು ಹುಟ್ಟುವಾಗ ಮೊದಲನೆಯದಕ್ಕೆ ಹದಿನಾಲ್ಕು ತಿಂಗಳೂ ತುಂಬಿರುವುದಿಲ್ಲ. ಹೆರಿಗೆಯ ಅನಂತರ ಮುಂದಿನ ಗರ್ಭಧಾರಣೆಗೆ ಕನಿಷ್ಠ ಎರಡು ವರ್ಷಗಳ ಅಂತರವಿರಬೇಕೆಂಬುದು ವೈದ್ಯರ ಸಲಹೆ. ಇಲ್ಲಿ ಐದು ತಿಂಗಳು ಮಾತ್ರ ದೊರೆಯಿತು.

ಮುಟ್ಟು ಬಾರದೆ ಗರ್ಭ ನಿಂತದ್ದು ಹೇಗೆ ಎಂಬ ಪ್ರಶ್ನೆ ಸಹಜ. ಅಂಡಾಣು ಹೊರಬಿದ್ದು ಗರ್ಭ ನಿಲ್ಲದಿದ್ದರೆ, ಸುಮಾರು ಎರಡು ವಾರಗಳ ಅನಂತರ ಋತುಸ್ರಾವವಾಗುತ್ತದೆ. ಎಂದರೆ ಮೊದಲ ಮುಟ್ಟಿಗೆ ಮುಂಚೆಯೇ ಅಂಡಾಣು ಸಿದ್ಧವಾಗಿರಬಹುದು. ಹೆರಿಗೆಯಾಗಿ ತಿಂಗಳುಗಳು ಕಳೆದಂತೆ ಈ ಸಂಭವ ಹೆಚ್ಚುತ್ತದೆ. ಆರು ತಿಂಗಳ ಮಿತಿಗೆ ಇದೂ ಒಂದು ಕಾರಣ; ಆ ವಯಸ್ಸಿಗೆ ಮಗುವಿಗೆ ಪೂರಕ ಆಹಾರ ಆರಂಭವಾಗುವುದು ಮತ್ತೊಂದು. ಹೆರಿಗೆಯ ಎಂಟು ವಾರಗಳೊಳಗೆ ಕಾಣುವ ರಕ್ತಸ್ರಾವವನ್ನು, ಸಂಪೂರ್ಣ ಮೊಲೆಯೂಡಿಸುತ್ತಿರುವವರಲ್ಲಿ, ಮುಟ್ಟೆಂದು ಎಣಿಸುವುದಿಲ್ಲ. ಆಮೇಲೆ ಸತತ ಎರಡು ದಿನ ಸ್ರಾವ ಕಂಡರೆ ರಕ್ಷಣೆ ಮುಗಿಯಿತೆಂದೇ ತಿಳಿಯಬೇಕು.

ತಾಯಿ ಕೆಲಸಕ್ಕೆ ಹೋಗುವುದಷ್ಟೇ ಅಲ್ಲ, ಮಗು ಕಾಯಿಲೆಯಿಂದ ಮೊಲೆ ಬಿಡುವುದು, ರಾತ್ರಿಯಿಡೀ ನಿದ್ರಿಸುವುದು, ಹಸುವಿನ ಹಾಲು ಅಥವಾ ಗಂಜಿ ಮೊದಲಾಗುವುದು, ಇವೂ ರಕ್ಷಣೆಯನ್ನು ಕುಂದಿಸುತ್ತವೆ. ಹಾಲನ್ನು ಕೈಯಿಂದ ಹಿಂಡಿ ಇರಿಸಿ ಹೋದರೆ ಮಗುವಿಗೆ ಎದೆಹಾಲು ದೊರೆಯುವುದಾದರೂ, ಹಿಂಡುವಿಕೆ ಚೀಪುವಿಕೆಯಷ್ಟು ಪರಿಣಾಮಕಾರಿಯಲ್ಲ.

ಆದುದರಿಂದ ಮೂರರಲ್ಲಿ ಒಂದು ನಿಬಂಧನೆ ತಪ್ಪುವ ಮೊದಲೇ ಬೇರೊಂದು ವಿಧಾನ ಕೈಯಲ್ಲಿರಬೇಕು. ಮಗುವಿನ ಹದಿನಾಲ್ಕನೆಯ ವಾರದ ಲಸಿಕೆಗೆ ಹೋದಾಗಲೇ ಇದನ್ನು ಕೇಳಿ ತಿಳಿದುಕೊಳ್ಳಬಹುದು. ನಿರೋಧ್, ವಂಕಿ, ವೈದ್ಯರ ಸಲಹೆಯ ಮೇರೆಗೆ ಛಾಯಾ ಮಾತ್ರೆ, ಇವು ಎದೆಹಾಲನ್ನು ಕುಂದಿಸುವುದಿಲ್ಲ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಎರಡು ಬಗೆಯ ಹಾರ್ಮೋನುಗಳಿರುವ ಮಾಲಾ-ಎನ್‌ನಂತಹ ಮಾತ್ರೆಗಳನ್ನು ಮೊಲೆಯೂಡಿಸುವ ತಾಯಿ ಆರು ತಿಂಗಳು ತುಂಬುವವರೆಗೆ ಸೇವಿಸಬಾರದು.

ಈಗಾಗಲೇ ಸಂದೇಹವಿದ್ದಲ್ಲಿ ಮುಟ್ಟಿಗಾಗಿ ಕಾಯುವುದರಿಂದ ಪ್ರಯೋಜನವಿಲ್ಲ. ರಕ್ಷಣೆಯಿಲ್ಲದ ಕೂಟದ ಮೂರು ವಾರಗಳ ಅನಂತರ ಬೆಳಗಿನ ಮೊದಲ ಮೂತ್ರವನ್ನು ಪರೀಕ್ಷಿಸಿಕೊಂಡರೆ ಉತ್ತರ ದೊರೆಯುತ್ತದೆ.