ಟಿಪ್ಪಣಿಯಿಂದ ಮಾತಿಗೆ: ಒಂದು ಸ್ವಾಗತ ಭಾಷಣವನ್ನು ತಿದ್ದಿ ಬರೆಯೋದು

ಯಾವ ಸಮಾರಂಭ ಬಂದರೂ ಸ್ವಾಗತ ಭಾಷಣ ಬರೆದುಕೊಡೋ ಕೆಲಸ ಕನ್ನಡ ಸಂಘದ ತಲೆಗೇ ಬರುತ್ತೆ. ಕೈಗೆ ಸಿಗೋದು ನಾಲ್ಕೈದು ಸಾಲಿನ ಒಣ ಟಿಪ್ಪಣಿ. ಅದನ್ನ ವೇದಿಕೆ ಮೇಲೆ ಆಡೋ ಮಾತಾಗಿ ಮಾಡೋದು ಹೇಗೆ? ಈ ಸಲದ ಪಾಠಕ್ಕೆ ನಾವು ಕಾಲೇಜಿನ ಹೊರಗಿನ ಸಂದರ್ಭವೊಂದನ್ನು ತೆಗೆದುಕೊಂಡಿದ್ದೇವೆ: ಆಸ್ಪತ್ರೆಯ ನಿರ್ದೇಶಕರು ಹೊಸ ನರ್ಸ್‌ಗಳನ್ನು ಸ್ವಾಗತಿಸುವ ಮಾತು. ಇಲ್ಲಿ ವಾಕ್ಯ ಕೆಟ್ಟರೆ ಬೇಜಾರಾಗೋದು ಕೇಳುಗರಿಗೆ ಮಾತ್ರ ಅಲ್ಲ, ತೊಂದರೆ ರೋಗಿಯ ತನಕ ಹೋಗಬಹುದು.

ಆಸ್ಪತ್ರೆ ಮಧುಗಿರಿಯಲ್ಲಿದೆ ಅಂತ ಇಟ್ಟುಕೊಳ್ಳೋಣ. ಮಧುಗಿರಿ ಉಪವಿಭಾಗದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಿವೆ. ಅಭ್ಯಾಸಕ್ಕೆಂದು ನಾವೇ ಬರೆದುಕೊಂಡ ಟಿಪ್ಪಣಿ ಹೀಗಿದೆ:

1. ನೂತನವಾಗಿ ನೇಮಕಗೊಂಡ ಶುಶ್ರೂಷಾಧಿಕಾರಿಗಳನ್ನು ಸ್ವಾಗತಿಸಲಾಗುತ್ತದೆ.
2. ಆಸ್ಪತ್ರೆಗೆ ನಾಲ್ಕೂ ತಾಲ್ಲೂಕುಗಳಿಂದ ರೋಗಿಗಳು ಆಗಮಿಸುತ್ತಾರೆ.
3. ಪಾಳಿ ಬದಲಾವಣೆಯ ಸಂದರ್ಭದಲ್ಲಿ ರೋಗಿಯ ವಿವರಗಳ ಹಸ್ತಾಂತರವನ್ನು ಹಾಸಿಗೆಯ ಬಳಿಯೇ ಮಾಡತಕ್ಕದ್ದು.
4. ಔಷಧ ನೀಡಿಕೆಯಲ್ಲಿ ಲೋಪ ಕಂಡುಬಂದಲ್ಲಿ ಕೂಡಲೇ ವರದಿ ಮಾಡತಕ್ಕದ್ದು. ತಪ್ಪಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು.
5. ನಾವು ನಿಮ್ಮಿಂದ ಉತ್ತಮ ಸೇವೆಯನ್ನು ನಿರೀಕ್ಷಿಸುತ್ತೇವೆ.

ಯಾರು ಮಾಡ್ತಾರೆ?

ಮೊದಲ ಸಾಲು ನೋಡಿ. ‘ಸ್ವಾಗತಿಸಲಾಗುತ್ತದೆ’ ಅಂದರೆ ಸ್ವಾಗತಿಸುತ್ತಿರೋದು ಯಾರು? ಕರ್ತೃವೇ ಇಲ್ಲ. ಆದೇಶಪತ್ರಕ್ಕೆ ಇದು ಸರಿಹೋಗುತ್ತೆ, ಯಾಕಂದರೆ ಅಲ್ಲಿ ಮಾತಾಡೋದು ಕಚೇರಿ. ವೇದಿಕೆ ಮೇಲೆ ನಿಂತಿರೋದು ಮನುಷ್ಯ. ‘ಸ್ವಾಗತಿಸುತ್ತೇನೆ’ ಅಂದಕೂಡಲೇ ಅರ್ಧ ಬಿಗಿ ಕಳಚುತ್ತೆ.

ಹಾಗೆಯೇ ನಾಮಪದದೊಳಗೆ ಅಡಗಿರೋ ಕ್ರಿಯಾಪದವನ್ನು ಹೊರಗೆ ತೆಗೀಬೇಕು. ‘ವಿವರಗಳ ಹಸ್ತಾಂತರವನ್ನು ಮಾಡತಕ್ಕದ್ದು’ ಅನ್ನೋದರ ಒಳಗಿರೋದು ‘ವಿವರ ಹೇಳಿ ಒಪ್ಪಿಸಿ’ ಅನ್ನೋ ಎರಡು ಸರಳ ಕೆಲಸ. ‘ಆಗಮಿಸುತ್ತಾರೆ’ ಅನ್ನೋದು ‘ಬರುತ್ತಾರೆ’ ಆಗಲಿ. ಆದರೆ ‘ಬರ್ತಾರೆ’ ಅಂತ ಬರೆಯಬೇಡಿ. ಪದ ಆಡುಮಾತಿಂದು, ರೂಪ ಬರಹದ್ದು: ಆತ್ಮೀಯವೂ ಔಪಚಾರಿಕವೂ ಆದ ಭಾಷಣಕ್ಕೆ ಈ ಹದ ಒಗ್ಗುತ್ತೆ. ಓದುವವರು ತಮ್ಮ ನಾಲಿಗೆಗೆ ತಕ್ಕಂತೆ ಬೇಕಾದಲ್ಲಿ ತಾವೇ ಮೊಟಕು ಮಾಡಿಕೊಳ್ಳುತ್ತಾರೆ.

ಊರಿನ ಹೆಸರು ಯಾತಕ್ಕೆ?

ನಮ್ಮ ಮೊದಲ ಕರಡಿನಲ್ಲಿ ಮಧುಗಿರಿಯ ಏಕಶಿಲೆಯ ಬೆಟ್ಟವೂ ಇತ್ತು, ಕೊರಟಗೆರೆಯ ಸಿದ್ದರಬೆಟ್ಟವೂ ಇತ್ತು. ಎರಡನ್ನೂ ತೆಗೆದೆವು. ವಾರ್ಡಿಗೆ ಹೋಗುವವರಿಗೆ ಬೆಟ್ಟದಿಂದ ಏನು ಪ್ರಯೋಜನ? ಅವರಿಗೆ ಬೇಕಾದ ಸಂಗತಿ ಬೇರೆ. ಪಾವಗಡ ತಾಲ್ಲೂಕಿನ ಬಹುಪಾಲು ಗಡಿ ಆಂಧ್ರದ ಜೊತೆಗಿದೆ, ಅಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ಶಿರಾದಲ್ಲಿ ಉರ್ದು ಮನೆಮಾತಿನವರಿದ್ದಾರೆ. ನೋವು ಜಾಸ್ತಿಯಾದಾಗ ಬಾಯಿಗೆ ಮೊದಲು ಬರೋದು ಮನೆಮಾತು. ನಾಲ್ಕು ತಾಲ್ಲೂಕಿನ ಹೆಸರು ಭಾಷಣದಲ್ಲಿ ಉಳಿಯಬೇಕಾದ್ದು ಈ ಕಾರಣಕ್ಕೆ. ಒಂದು ಎಚ್ಚರ: ಭಾಷೆಯ ವಿಷಯ ಟಿಪ್ಪಣಿಯಲ್ಲಿ ಇರಲಿಲ್ಲ. ನಾವು ಸೇರಿಸಿದ್ದನ್ನೆಲ್ಲ ಗುರುತು ಹಾಕಿ, ನಿರ್ದೇಶಕರಿಗೆ ತೋರಿಸಿ, ಒಪ್ಪಿಗೆ ಪಡೀಬೇಕು.

ನಾಲ್ಕನೇ ಸಾಲಿನ ಗಂಟು

ಇಡೀ ಟಿಪ್ಪಣಿಯಲ್ಲಿ ಅಪಾಯದ ಸಾಲು ಇದು. ‘ತಪ್ಪಿದಲ್ಲಿ ಶಿಸ್ತುಕ್ರಮ’ ಅಂದರೆ ಏನು ತಪ್ಪಿದಲ್ಲಿ? ವರದಿ ಮಾಡೋದು ತಪ್ಪಿದಲ್ಲಿ ಅಂತಲೂ ಓದಬಹುದು, ಔಷಧ ಕೊಡೋದರಲ್ಲಿ ತಪ್ಪಿದಲ್ಲಿ ಅಂತಲೂ ಕೇಳಿಸುತ್ತೆ. ರಾತ್ರಿ ಮೂರು ಗಂಟೆಗೆ ಒಬ್ಬರ ಮಾತ್ರೆಯನ್ನು ಪಕ್ಕದ ಹಾಸಿಗೆಯವರಿಗೆ ಕೊಟ್ಟುಬಿಟ್ಟ ಹೊಸ ನರ್ಸ್‌ಗೆ ನೆನಪಾಗೋದು ಎರಡನೇ ಅರ್ಥ. ಹೇಳಿದರೂ ಶಿಕ್ಷೆ ಅಂತ ಅನಿಸಿದರೆ ಬಾಯಿ ಮುಚ್ಚಿಕೊಳ್ಳೋ ಸಾಧ್ಯತೆ ಹೆಚ್ಚು. ಆಗ ರೋಗಿಯನ್ನು ಹೊತ್ತಿಗೆ ಸರಿಯಾಗಿ ಯಾರೂ ನೋಡೋದಿಲ್ಲ.

ಇದನ್ನ ತಿದ್ದೋ ಅಧಿಕಾರ ಬರೆಯೋರಿಗೆ ಇಲ್ಲ. ‘ಯಾರಿಗೂ ಶಿಕ್ಷೆ ಇಲ್ಲ’ ಅಂತ ನಾವೇ ಬರೆದುಬಿಟ್ಟರೆ ನಿರ್ದೇಶಕರು ಕೊಡದ ಮಾತನ್ನು ಅವರ ಬಾಯಲ್ಲಿ ಆಡಿಸಿದಂತೆ. ನೇರವಾಗಿ ಕೇಳಬೇಕು: ‘ಸರ್, ಕ್ರಮ ಯಾವುದಕ್ಕೆ? ತಪ್ಪಿಗೋ, ಮುಚ್ಚಿಟ್ಟಿದ್ದಕ್ಕೋ?’ ಅವರು ‘ಮುಚ್ಚಿಟ್ಟಿದ್ದಕ್ಕೆ’ ಅಂದರು ಅಂತ ಇಟ್ಟುಕೊಂಡು ಮುಂದೆ ಬರೆದಿದ್ದೇವೆ.

‘ನಾವು’ ಅಂದರೆ ಯಾರೆಲ್ಲ?

ತೆಲುಗಿನಲ್ಲಿ ಕೇಳುಗರನ್ನೂ ಸೇರಿಸಿಕೊಂಡರೆ ‘ಮನಂ’, ಬಿಟ್ಟರೆ ‘ಮೇಮು’. ಕನ್ನಡದಲ್ಲಿ ಎರಡಕ್ಕೂ ಒಂದೇ ‘ನಾವು’. ಆದ್ದರಿಂದ ಅದರ ಅರ್ಥವನ್ನು ವಾಕ್ಯವೇ ತೀರ್ಮಾನಿಸಬೇಕು. ‘ನಾವು ನಿಮ್ಮಿಂದ ನಿರೀಕ್ಷಿಸುತ್ತೇವೆ’ ಅಂದಾಗ ಆಡಳಿತ ಒಂದು ಕಡೆ, ನರ್ಸ್‌ಗಳು ಇನ್ನೊಂದು ಕಡೆ ಆಗಿಬಿಡುತ್ತಾರೆ. ‘ನಾವೆಲ್ಲ ಸೇರಿ’ ಅಂದರೆ ಎಲ್ಲರೂ ಒಂದೇ ಕಡೆ. ಕೊನೆಯ ಸಾಲಿಗೆ ಇಷ್ಟು ತಿದ್ದಿದರೆ ಸಾಕು.

ಸಂಬೋಧನೆಯಲ್ಲೂ ಜೋಪಾನ. ವಾರ್ಡಿನಲ್ಲಿ ‘ಸಿಸ್ಟರ್’ ಅನ್ನೋದು ರೂಢಿ, ಆದರೆ ಹೊಸಬರಲ್ಲಿ ಗಂಡಸರೂ ಇರಬಹುದು. ‘ಮಕ್ಕಳೇ’ ಅಂದರೆ ಪ್ರೀತಿ ಕಂಡರೂ ಓದಿ, ಪಾಸಾಗಿ ಕೆಲಸಕ್ಕೆ ಬಂದವರನ್ನು ಚಿಕ್ಕವರನ್ನಾಗಿ ಮಾಡಿದಂತೆ. ‘ದೇವತೆಗಳು’ ಅಂತ ಹೊಗಳೋದೂ ಬೇಡ, ದೇವತೆಗೆ ತಪ್ಪು ಒಪ್ಪಿಕೊಳ್ಳೋದು ಕಷ್ಟ. ಹುದ್ದೆಯ ಹೆಸರು ಒಂದು ಸಲ ಹೇಳಿ, ಆಮೇಲೆ ‘ನೀವು’ ಅಂದರೆ ಸಾಕು.

ತಿದ್ದಿದ ಮೇಲೆ

‘ಎಲ್ಲರಿಗೂ ನಮಸ್ಕಾರ. ಇವತ್ತಿನಿಂದ ನೀವು ಈ ಆಸ್ಪತ್ರೆಯ ಶುಶ್ರೂಷಾಧಿಕಾರಿಗಳು. ಇಲ್ಲಿರುವ ಎಲ್ಲರ ಪರವಾಗಿ ನಿಮ್ಮನ್ನು ಸಂತೋಷದಿಂದ ಸ್ವಾಗತಿಸುತ್ತೇನೆ.

ನಮ್ಮಲ್ಲಿಗೆ ಮಧುಗಿರಿಯವರಷ್ಟೇ ಅಲ್ಲ, ಶಿರಾ, ಕೊರಟಗೆರೆ, ಪಾವಗಡದಿಂದಲೂ ಜನ ಬರುತ್ತಾರೆ. ಕೆಲವರು ತಮ್ಮ ನೋವನ್ನು ತೆಲುಗಿನಲ್ಲಿ ಹೇಳುತ್ತಾರೆ, ಕೆಲವರು ಉರ್ದುವಿನಲ್ಲಿ. ಮಾತು ಅರ್ಥವಾಗದಿದ್ದರೆ ಅಂದಾಜು ಮಾಡಬೇಡಿ, ಆ ಭಾಷೆ ಬಲ್ಲವರನ್ನು ಕರೆಯಿರಿ.

ಪಾಳಿ ಬದಲಾಗುವಾಗ ರೋಗಿಯ ವಿವರವನ್ನು ಹಾಸಿಗೆಯ ಪಕ್ಕದಲ್ಲೇ ನಿಂತು ಹೇಳಿ ಒಪ್ಪಿಸಿ. ಇದು ಇಲ್ಲಿನ ನಿಯಮ. ಬರುವವರು ರೋಗಿಯ ಮುಖವನ್ನೂ ಹನಿಯುತ್ತಿರುವ ಡ್ರಿಪ್ಪನ್ನೂ ಕಣ್ಣಾರೆ ನೋಡಬೇಕು. ನೀವು ಹೇಳಿದ್ದರಲ್ಲಿ ಏನಾದರೂ ವ್ಯತ್ಯಾಸವಿದ್ದರೆ ರೋಗಿಯೇ ತಿದ್ದಬಹುದು.

ಔಷಧ ಕೊಡುವಾಗ ತಪ್ಪಾಯಿತು ಅನಿಸಿದರೆ ಆ ಕ್ಷಣವೇ ಹೇಳಿ. ರಾತ್ರಿ ಎಷ್ಟೇ ಹೊತ್ತಾಗಿದ್ದರೂ ಹೇಳಿ. ಹೇಳಿದಿರಿ ಎಂಬ ಕಾರಣಕ್ಕೆ ನಿಮ್ಮ ಮೇಲೆ ಕ್ರಮ ಬರುವುದಿಲ್ಲ. ಮುಚ್ಚಿಟ್ಟರೆ ಬರುತ್ತದೆ, ಯಾಕೆಂದರೆ ಆಗ ರೋಗಿಯನ್ನು ಉಳಿಸಿಕೊಳ್ಳುವ ಸಮಯ ಕೈತಪ್ಪುತ್ತದೆ.

ನಾವೆಲ್ಲ ಸೇರಿ ಇಲ್ಲಿಗೆ ಬಂದವರನ್ನು ಚೆನ್ನಾಗಿ ನೋಡಿಕೊಳ್ಳೋಣ. ಬನ್ನಿ, ನಿಮಗೆ ಸ್ವಾಗತ.’

ನಿಯಮ ಮೆತ್ತಗಾಗಿಲ್ಲ, ಗಮನಿಸಿ. ‘ಇದು ಇಲ್ಲಿನ ನಿಯಮ’ ಅನ್ನೋ ಸಾಲನ್ನು ಬೇಕಂತಲೇ ಇಟ್ಟಿದ್ದೇವೆ. ‘ದಯವಿಟ್ಟು ಸಾಧ್ಯವಾದರೆ ಮಾಡಿ’ ಅಂತ ಬರೆದಿದ್ದರೆ ಕೇಳೋದಕ್ಕೆ ಹಿತವಾಗಿರುತ್ತಿತ್ತು, ಆದರೆ ಕಡ್ಡಾಯದ್ದು ಐಚ್ಛಿಕ ಆಗಿಬಿಡುತ್ತಿತ್ತು. ನಿಯಮದ ಪಕ್ಕ ಕಾರಣ ಇಟ್ಟಿದ್ದರಿಂದ ಗದರಿದ ಹಾಗೆ ಕೇಳಿಸೋದಿಲ್ಲ, ಅಷ್ಟೆ.

ಒಪ್ಪಿಸೋ ಮೊದಲು ಎರಡು ಪರೀಕ್ಷೆ ಮಾಡಿ. ಟಿಪ್ಪಣಿಯನ್ನು ಪಕ್ಕಕ್ಕಿಟ್ಟುಕೊಂಡು ಐದೂ ಅಂಶ ಬಂದಿವೆಯಾ ಅಂತ ಟಿಕ್ ಹಾಕಿ. ಆಮೇಲೆ ಗೆಳೆಯರೊಬ್ಬರ ಮುಂದೆ ಒಂದೇ ಸಲ ಗಟ್ಟಿಯಾಗಿ ಓದಿ, ‘ಔಷಧ ತಪ್ಪಿ ಕೊಟ್ಟರೆ ಏನು ಮಾಡಬೇಕಂತೆ?’ ಅಂತ ಕೇಳಿ. ‘ತಕ್ಷಣ ಹೇಳಬೇಕಂತೆ’ ಅಂದರೆ ಭಾಷಣ ಸರಿ ಇದೆ. ‘ಶಿಸ್ತುಕ್ರಮ ಅಂತೆ’ ಅಂದರೆ ನಾಲ್ಕನೇ ಸಾಲಿಗೆ ವಾಪಸ್ ಹೋಗಿ.