ಮಗಳ ಶುಲ್ಕದ ಮೇಲೆ ಕಡಿತವಾದ ಹಣ

ತಂಗಡಗಿಯ ಕೃಷಿಕ ತಂದೆಯೊಬ್ಬರು 2025-26ರಲ್ಲಿ ತಮ್ಮ ಉಳಿತಾಯದಿಂದ ಮಗಳ ವಿದೇಶಿ ವಿಶ್ವವಿದ್ಯಾಲಯಕ್ಕೆ 18 ಲಕ್ಷ ರೂಪಾಯಿ ಕಳುಹಿಸಿದ್ದರೆ, 10 ಲಕ್ಷದ ಮಿತಿ ಮೀರಿದ 8 ಲಕ್ಷದ ಮೇಲೆ ಬ್ಯಾಂಕು ಶೇ. 5ರಂತೆ 40,000 ರೂಪಾಯಿ ವಸೂಲು ಮಾಡಿರುತ್ತದೆ. ಟಿಸಿಎಸ್, ಅಂದರೆ ಮೂಲದಲ್ಲೇ ಸಂಗ್ರಹಿಸಿದ ತೆರಿಗೆ, ಎಂಬ ಈ ಮೊತ್ತವು ಮುಂಗಡ ತೆರಿಗೆಯಂತೆಯೇ ಜಮೆಯಾಗುವುದರಿಂದ, ಕೃಷಿಯ ಹೊರತು ತೆರಿಗೆಗೊಳಪಡುವ ಆದಾಯವಿಲ್ಲದವರಿಗೆ ಅದು ಪೂರ್ತಿ ಮರಳುತ್ತದೆ. ಆದರೆ ರಿಟರ್ನ್ ಸಲ್ಲಿಸದೆ ಮರಳದು. ಕೃಷಿ ಆದಾಯ 5,000 ಮೀರಿದ್ದರೆ ಐಟಿಆರ್-1 ಸಲ್ಲದು; ಐಟಿಆರ್-2ರ ಟಿಸಿಎಸ್ ಅನುಸೂಚಿಯಲ್ಲಿ ಮೊತ್ತವನ್ನು ತೋರಿಸಬೇಕು.

ಎಡವಟ್ಟಾಗುವುದು ಪ್ಯಾನ್ ಸಂಖ್ಯೆಯಲ್ಲಿ: ಹಣ ವಯಸ್ಕ ಮಗಳ ಖಾತೆಯಿಂದ, ಅವಳ ಪ್ಯಾನ್‌ನಡಿ ಹೋಗಿದ್ದರೆ, ಅದನ್ನು ತಂದೆಯೇ ಕೊಟ್ಟಿದ್ದರೂ, ಜಮೆ ಅವಳದೇ, ಅವಳೇ ರಿಟರ್ನ್ ಸಲ್ಲಿಸಬೇಕು. ಆದ್ದರಿಂದ ಬ್ಯಾಂಕಿನ 27ಡಿ ಪ್ರಮಾಣಪತ್ರವನ್ನು ಪಡೆದು, ತೆರಿಗೆ ಜಮೆಯ ವಿವರಪಟ್ಟಿಯಾದ 26ಎಎಸ್‌ನೊಂದಿಗೆ ತಾಳೆ ನೋಡುವುದು ಅಗತ್ಯ. ಮೊತ್ತ ಅದರಲ್ಲಿ ಕಾಣದಿದ್ದರೆ, ಬ್ಯಾಂಕಿನಿಂದಲೇ ತಿದ್ದುಪಡಿ ಮಾಡಿಸಬೇಕು.